ಗ್ಯಾಸ್ ಅಲ್ಲ, ಶೀತವೂ ಅಲ್ಲ

ಮುಟ್ಟು ನಿಂತು ಎರಡು ವಾರ. ಮನೆಯಲ್ಲೇ ಮಾಡಿಕೊಂಡ ಪರೀಕ್ಷೆಯಲ್ಲಿ ಎರಡು ಗೆರೆ ಮೂಡಿವೆ. ಆದರೆ ಆಕೆ ಎರಡು ವರ್ಷದಿಂದ ದಿನವೂ ಬೆಳಿಗ್ಗೆ ಬಿ.ಪಿ. ಗುಳಿಗೆ ನುಂಗುತ್ತಿದ್ದಾಳೆ. ಈಗ ಆ ಗುಳಿಗೆಯನ್ನು ಏನು ಮಾಡಬೇಕು?

ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಎರಡು ಉತ್ತರ ಸಿಗುತ್ತವೆ. ಒಂದು, ಡಾಕ್ಟರೇ ಬರೆದುಕೊಟ್ಟದ್ದಲ್ಲವೇ, ನಡೆಯಲಿ ಬಿಡು. ಇನ್ನೊಂದು, ಬಸುರಿ ಯಾವ ಗುಳಿಗೆಯನ್ನೂ ನುಂಗಬಾರದು, ಇವತ್ತಿಗೇ ಬಿಟ್ಟುಬಿಡು. ಎರಡೂ ತಪ್ಪು. ಮೊದಲನೆಯದರಿಂದ ಮಗುವಿಗೆ ಅಪಾಯ, ಎರಡನೆಯದರಿಂದ ತಾಯಿಗೆ. ಮಾಡಬೇಕಾದದ್ದು ಗುಳಿಗೆ ಬದಲಾಯಿಸುವುದು, ಅದೂ ಮುಂದಿನ ತಿಂಗಳ ತಪಾಸಣೆಗೆ ಕಾಯದೆ ಒಂದೆರಡು ದಿನದೊಳಗೆ.

ಈ ಆಕೆಯನ್ನೇ ಉದಾಹರಣೆಗೆ ಇಟ್ಟುಕೊಂಡು ಬಾಣಂತನದವರೆಗೂ ಹೋಗೋಣ. ಹಾವೇರಿ ಜಿಲ್ಲೆಯ ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು 33, ಚೊಚ್ಚಲು ಎಂದಿಟ್ಟುಕೊಳ್ಳಿ. ಇವಳು ಕಲ್ಪನೆಯವಳು. ಇವಳಿಗಾಗುವುದು ಮಾತ್ರ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರೆಲ್ಲ ಕಂಡಿರುವಂಥದ್ದು.

ಅವಳು ನುಂಗುತ್ತಿದ್ದದ್ದು ಟೆಲ್ಮಿಸಾರ್ಟನ್, 40 ಮಿಲಿಗ್ರಾಂ. ಬಸುರಿಯಲ್ಲದವರಿಗೆ ಒಳ್ಳೆಯ ಔಷಧ. ನಮ್ಮ ಊರುಗಳಲ್ಲಿ ಬಿ.ಪಿ. ಎಂದೊಡನೆ ಬರೆಯುವ ಗುಳಿಗೆಗಳಲ್ಲಿ ಮುಂಚೂಣಿಯದ್ದು. ರಕ್ತನಾಳಗಳನ್ನು ಬಿಗಿಗೊಳಿಸುವ ಆಂಜಿಯೋಟೆನ್ಸಿನ್ ಎಂಬ ರಸಾಯನದ ಕೆಲಸವನ್ನು ಅದು ತಡೆಯುತ್ತದೆ. ದೊಡ್ಡವರಲ್ಲಿ ನಾಳ ಸಡಿಲಗೊಂಡು ಒತ್ತಡ ಇಳಿಯುತ್ತದೆ. ಹೊಟ್ಟೆಯೊಳಗಿನ ಶಿಶುವಿನ ಕಥೆ ಬೇರೆ. ಅದರ ಮೂತ್ರಪಿಂಡ ಬೆಳೆಯುವುದಕ್ಕೂ ಮೂತ್ರ ಸೋಸುವುದಕ್ಕೂ ಅದೇ ಆಂಜಿಯೋಟೆನ್ಸಿನ್ ಬೇಕು. ನಾಲ್ಕನೇ ತಿಂಗಳಿನಿಂದಾಚೆಗೆ ಶಿಶುವಿನ ಸುತ್ತ ಇರುವ ನೀರಿನಲ್ಲಿ ಹೆಚ್ಚಿನ ಪಾಲು ಶಿಶುವಿನ ಮೂತ್ರವೇ. ಗುಳಿಗೆ ಮುಂದುವರಿದರೆ ಮೂತ್ರ ಕಡಿಮೆಯಾಗಿ ನೀರು ಬತ್ತುತ್ತದೆ. ನೀರಿಲ್ಲದೆ ಶಿಶುವಿನ ಶ್ವಾಸಕೋಶ ಸರಿಯಾಗಿ ಅರಳುವುದಿಲ್ಲ, ಕೈಕಾಲು ಬಿಗಿದುಕೊಳ್ಳುತ್ತವೆ, ತಲೆಬುರುಡೆಯ ಎಲುಬು ಪೂರ್ತಿ ಕೂಡುವುದಿಲ್ಲ. ಹುಟ್ಟಿದ ಮೇಲೆ ಮೂತ್ರಪಿಂಡವೇ ಕೆಲಸ ಮಾಡದ ಮಕ್ಕಳೂ ಇದ್ದಾರೆ.

ಈ ಬಳಗವನ್ನು ಗುರುತಿಸಲು ಡಾಕ್ಟರೇ ಆಗಬೇಕಿಲ್ಲ. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ಔಷಧದ ಹೆಸರು ‘ಸಾರ್ಟನ್’ ಎಂದು ಮುಗಿದರೆ, ಅಂದರೆ ಟೆಲ್ಮಿಸಾರ್ಟನ್, ಲೋಸಾರ್ಟನ್, ಓಲ್ಮೆಸಾರ್ಟನ್ ಆದರೆ, ಅದು ಬಸುರಿಗಲ್ಲ. ‘ಪ್ರಿಲ್’ ಎಂದು ಮುಗಿಯುವ ಎನಾಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್‌ಗಳೂ ಹಾಗೆಯೇ. ನೋಡಬೇಕಾದದ್ದು ಮುಂಬದಿಯ ಕಂಪನಿ ಹೆಸರನ್ನಲ್ಲ. ನಮ್ಮಲ್ಲಿ ಎರಡು ಮೂರು ಔಷಧ ಸೇರಿಸಿದ ಗುಳಿಗೆಗಳೇ ಹೆಚ್ಚು. ‘ನಾನು ಬರೀ ಅಮ್ಲೋಡಿಪಿನ್ ತಗೊಳ್ಳೋದು’ ಎಂದು ನಂಬಿದವರ ಗುಳಿಗೆಯೊಳಗೆ ಟೆಲ್ಮಿಸಾರ್ಟನ್ ಅಡಗಿ ಕುಳಿತಿರಬಹುದು. ಇವುಗಳ ಜೊತೆಗೆ ಅಟೆನೊಲಾಲ್ ಎಂಬ ಹಳೆಯ ಗುಳಿಗೆಯನ್ನೂ ಬಸಿರಿನಲ್ಲಿ ದೂರವಿಡುತ್ತಾರೆ. ಅದನ್ನು ಬಹುಕಾಲ ತೆಗೆದುಕೊಂಡ ತಾಯಂದಿರ ಮಕ್ಕಳು ತೂಕದಲ್ಲಿ ಸಣ್ಣವಾಗಿ ಹುಟ್ಟಿದ್ದು ಕಂಡುಬಂದಿದೆ.

ನಮ್ಮ ಶಿಕ್ಷಕಿ ಆರನೇ ವಾರದಲ್ಲೇ ಆಸ್ಪತ್ರೆಗೆ ಬಂದಳು. ‘ಅಷ್ಟು ದಿನ ತಗೊಂಡುಬಿಟ್ಟೆನಲ್ಲ, ಮಗು ತೆಗೆಸಬೇಕಾ?’ ಎಂಬುದು ಅವಳ ಮೊದಲ ಪ್ರಶ್ನೆ. ಬೇಕಿಲ್ಲ. ದೊಡ್ಡ ಹಾನಿ ಆಗುವುದು ನಾಲ್ಕನೇ ತಿಂಗಳ ನಂತರವೂ ಗುಳಿಗೆ ಮುಂದುವರಿದಾಗ. ಮೊದಲ ವಾರಗಳಲ್ಲಿ ತಿಳಿಯದೆ ತೆಗೆದುಕೊಂಡದ್ದು ಗರ್ಭ ತೆಗೆಸುವುದಕ್ಕೆ ಕಾರಣವಲ್ಲ. ಗುಳಿಗೆ ಬದಲಿಸಿ, ಐದನೇ ತಿಂಗಳ ಸುಮಾರಿಗೆ ಅಂಗಾಂಗಗಳನ್ನು ನೋಡುವ ಸ್ಕ್ಯಾನಿಂಗನ್ನು ತಪ್ಪದೆ ಮಾಡಿಸಿದರೆ ಸಾಕು.

ಬದಲಿಗೆ ಕೊಡುವ ಗುಳಿಗೆಗಳು ಮುಖ್ಯವಾಗಿ ಮೂರು: ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ.

ಲ್ಯಾಬೆಟಲಾಲ್‌ನಿಂದ ಶುರುಮಾಡುವ ಡಾಕ್ಟರುಗಳೇ ಈಗ ಹೆಚ್ಚು. ಸಾಮಾನ್ಯವಾಗಿ 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಬೇಕಾದಂತೆ ಏರಿಸುತ್ತಾರೆ. ಇದು ನಾಳಗಳನ್ನು ಸಡಿಲಿಸುವುದರ ಜೊತೆಗೆ ಹೃದಯದ ಬಡಿತವನ್ನೂ ತಗ್ಗಿಸುತ್ತದೆ. ಆಸ್ತಮಾ ಇದ್ದವರಿಗೆ ಮಾತ್ರ ಕೊಡಬಾರದು, ಉಸಿರಿನ ಕೊಳವೆ ಬಿಗಿಯಬಹುದು. ‘ನನಗೆ ಚಿಕ್ಕಂದಿನಲ್ಲಿ ದಮ್ಮು ಇತ್ತು’ ಎಂಬ ಮಾತನ್ನು ಕೇಳದಿದ್ದರೂ ಡಾಕ್ಟರಿಗೆ ಹೇಳಿಬಿಡಬೇಕು.

ಎರಡನೆಯದು ನಿಫೆಡಿಪಿನ್, ನಿಧಾನವಾಗಿ ಕರಗುವ ಬಗೆಯದ್ದು. ಮೊದಮೊದಲು ಮುಖ ಬಿಸಿಯಾಗಬಹುದು, ತಲೆನೋಯಬಹುದು, ಪಾದ ಊದಬಹುದು. ಈ ಅಡ್ಡಪರಿಣಾಮಗಳೇ ರೋಗದ ಲಕ್ಷಣದಂತೆ ಕಾಣುವುದರಿಂದ ಗುಳಿಗೆ ಎಂದು ಶುರುವಾಯಿತು, ತಲೆನೋವು ಎಂದು ಬಂತು ಎಂಬುದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಿಂದೊಮ್ಮೆ ಇದರ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗೆ ಹಿಂಡುವ ರೂಢಿಯಿತ್ತು. ಒತ್ತಡ ಒಮ್ಮೆಲೇ ಕುಸಿದು ಮಗುವಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತಿತ್ತು. ಅದನ್ನು ಈಗ ಯಾರೂ ಮಾಡಬಾರದು.

ಮೀಥೈಲ್‌ಡೋಪಾ ಮೂರರಲ್ಲಿ ಹಳೆಯದು. ಬಸುರಿಯಲ್ಲದವರಿಗೆ ಇದನ್ನು ಕೊಡುವುದು ಬಹುತೇಕ ನಿಂತೇಹೋಗಿದೆ: ದಿನಕ್ಕೆ ಮೂರು ಬಾರಿ ನುಂಗಬೇಕು, ತೂಕಡಿಕೆ ತರುತ್ತದೆ, ಬಾಯಿ ಒಣಗಿಸುತ್ತದೆ. ಆದರೂ ಹೆರಿಗೆ ಡಾಕ್ಟರುಗಳು ಅದನ್ನು ಕೈಬಿಟ್ಟಿಲ್ಲ. ಅದನ್ನು ನುಂಗಿದ ತಾಯಂದಿರ ಮಕ್ಕಳನ್ನು ಏಳೂವರೆ ವರ್ಷದವರೆಗೆ ಬೆನ್ನುಹತ್ತಿ ನೋಡಿದ ಬ್ರಿಟನ್ನಿನ ಅಧ್ಯಯನವೊಂದು 1982ರಲ್ಲಿ ಪ್ರಕಟವಾಯಿತು. ಮಕ್ಕಳ ಬೆಳವಣಿಗೆಯಲ್ಲಿ, ಬುದ್ಧಿಯಲ್ಲಿ ಕೊರತೆ ಕಾಣಲಿಲ್ಲ. ಇಷ್ಟು ದೂರ ಹಿಂಬಾಲಿಸಿ ನೋಡಿದ ಬಿ.ಪಿ. ಔಷಧಗಳು ವಿರಳ.

ಅಮ್ಲೋಡಿಪಿನ್ ಬಗ್ಗೆಯೂ ಜನ ಕೇಳುತ್ತಾರೆ. ಅದು ನಿಫೆಡಿಪಿನ್ನಿನ ದಾಯಾದಿ. ಈವರೆಗಿನ ಅನುಭವದಲ್ಲಿ ಹಾನಿ ಕಂಡಿಲ್ಲ, ಅನೇಕ ಡಾಕ್ಟರುಗಳು ಮುಂದುವರಿಸುತ್ತಾರೆ. ಆದರೆ ಮೇಲಿನ ಮೂರರಷ್ಟು ದಾಖಲೆ ಅದಕ್ಕಿಲ್ಲ, ಹಾಗಾಗಿ ಮೊದಲ ಸಾಲಿನಲ್ಲಿ ಕೂರಿಸುವುದಿಲ್ಲ.

ಬಸಿರಿನಲ್ಲಿ ಬಿ.ಪಿ. ಇಳಿಸಿದರೆ ಮಗು ಸೊರಗುತ್ತದೆ ಎಂಬ ಅಂಜಿಕೆ ಡಾಕ್ಟರುಗಳಲ್ಲೂ ಬಹುಕಾಲ ಇತ್ತು. ಒತ್ತಡ 160 ದಾಟುವವರೆಗೆ ಕಾಯೋಣ ಎನ್ನುತ್ತಿದ್ದರು. ಅಮೆರಿಕದಲ್ಲಿ ಮೊದಲೇ ಬಿ.ಪಿ. ಇದ್ದ 2,400ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನ ಆ ಅಂಜಿಕೆಗೆ ಉತ್ತರ ಕೊಟ್ಟಿತು. ಒತ್ತಡವನ್ನು 140/90ರೊಳಗೆ ಇಟ್ಟವರಲ್ಲಿ ತೀವ್ರ ತೊಡಕುಗಳು ಕಡಿಮೆಯಾದವು, ಮಕ್ಕಳ ತೂಕವೂ ತಗ್ಗಲಿಲ್ಲ. ನಮ್ಮ ಶಿಕ್ಷಕಿಗೆ ಲ್ಯಾಬೆಟಲಾಲ್ ಕೊಟ್ಟು ಇದೇ ಗುರಿ ಇಟ್ಟರು.

ಹನ್ನೆರಡನೇ ವಾರಕ್ಕೆ ಇನ್ನೊಂದು ಪುಟ್ಟ ಗುಳಿಗೆ ಸೇರಿತು, ಆಸ್ಪಿರಿನ್. ಇದು ಬಿ.ಪಿ. ಇಳಿಸುವುದಕ್ಕಲ್ಲ, ಮುಂದೆ ಬರಬಹುದಾದ ಪ್ರಿ-ಎಕ್ಲಾಂಪ್ಸಿಯಾವನ್ನು ತಡೆಯುವುದಕ್ಕೆ. ಮೊದಲೇ ಬಿ.ಪಿ., ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ, ಅವಳಿ ಹೊತ್ತವರಿಗೆ, ಹಿಂದಿನ ಬಸಿರಿನಲ್ಲಿ ಇದೇ ಆಗಿದ್ದವರಿಗೆ 75ರಿಂದ 150 ಮಿಲಿಗ್ರಾಂ, ರಾತ್ರಿ ಹೊತ್ತು, ಸುಮಾರು 36ನೇ ವಾರದವರೆಗೆ. ಶುರುಮಾಡಬೇಕಾದದ್ದು 16ನೇ ವಾರಕ್ಕಿಂತ ಮುಂಚೆ. ಏಳನೇ ತಿಂಗಳಲ್ಲಿ ಶುರುಮಾಡಿದರೆ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಕೆಡುಕಿನ ಬೀಜ ಅಷ್ಟರಲ್ಲಿ ಬಿದ್ದಾಗಿರುತ್ತದೆ.

ಆ ಕೆಡುಕು ಇರುವುದು ಮಾಸಿನಲ್ಲಿ. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಗೆ ನುಗ್ಗಿ ಅಲ್ಲಿನ ಸುರುಳಿಯಾದ ಕಿರು ರಕ್ತನಾಳಗಳನ್ನು ಅಗಲ ಮಾಡುತ್ತವೆ, ಗದ್ದೆಗೆ ನೀರು ಸಾಲದೆಂದು ರೈತ ಕಾಲುವೆ ಅಗಲಿಸಿದಂತೆ. ಕೆಲವರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಶಿಶು ಚಿಕ್ಕದಿರುವವರೆಗೆ ಗೊತ್ತಾಗುವುದಿಲ್ಲ. ಅದು ಬೆಳೆದು ಹೆಚ್ಚು ರಕ್ತ ಕೇಳತೊಡಗಿದಾಗ ಮಾಸು ಉಸಿರುಕಟ್ಟಿದಂತಾಗಿ ಕೆಲವು ಪ್ರೋಟೀನುಗಳನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಇವು ತಾಯಿಯ ಮೈತುಂಬ ಇರುವ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಹಾಗಾಗಿ ಇದು ಬರೀ ಬಿ.ಪಿ. ಕಾಯಿಲೆಯಲ್ಲ. ಮೂತ್ರಪಿಂಡ ಸೋರಿ ಮೂತ್ರದಲ್ಲಿ ಪ್ರೋಟೀನು ಹೋಗುತ್ತದೆ, ಯಕೃತ್ತು ಊದುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ, ಮೆದುಳು ಕೆರಳಿ ಫಿಟ್ಸ್ ಬರುತ್ತದೆ. ಬಿ.ಪಿ. ಏರುವುದು ಇವುಗಳಲ್ಲಿ ಒಂದು, ನಮ್ಮ ಕೈಗೆ ಸುಲಭವಾಗಿ ಸಿಗುವ ಒಂದು, ಅಷ್ಟೇ.

20ನೇ ವಾರವನ್ನು ಡಾಕ್ಟರುಗಳು ಗಡಿಯಾಗಿ ಇಟ್ಟುಕೊಂಡಿರುವುದು ಇದರಿಂದಲೇ. ಅದಕ್ಕೆ ಮೊದಲೇ 140/90 ಕಂಡರೆ ಅದು ಹಳೆಯ ಬಿ.ಪಿ., ಬಸಿರಿಗೆ ಮುಂಚಿನಿಂದ ಇದ್ದದ್ದು. ನಂತರ ಹೊಸದಾಗಿ ಕಂಡರೆ ಬಸಿರಿನ ಬಿ.ಪಿ. ಅದರ ಜೊತೆ ಮೂತ್ರದಲ್ಲಿ ಪ್ರೋಟೀನು ಅಥವಾ ಬೇರೆ ಅಂಗದ ತೊಂದರೆ ಸೇರಿದರೆ ಪ್ರಿ-ಎಕ್ಲಾಂಪ್ಸಿಯಾ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ಹಳೆಯ ಬಿ.ಪಿ. ಇದ್ದವರ ಮೇಲೂ ಇದು ಬಂದು ಕೂರಬಹುದು, ನಮ್ಮ ಶಿಕ್ಷಕಿಯ ಮೇಲೆ ಕೂತದ್ದು ಹಾಗೆಯೇ. ಮೂತ್ರದಲ್ಲಿ ಪ್ರೋಟೀನು ಇಲ್ಲದೆಯೂ ಪ್ರಿ-ಎಕ್ಲಾಂಪ್ಸಿಯಾ ಇರಬಹುದೆಂಬುದು ಈಗ ಒಪ್ಪಿತ ಮಾತು. ‘ಯೂರಿನ್ ಚೆಕಪ್ ನಾರ್ಮಲ್ ಇದೆ, ಹೆದರಬೇಡಿ’ ಎಂದು ತಲೆನೋವಿನವಳನ್ನು ಮನೆಗೆ ಕಳಿಸುವುದು ಸರಿಯಲ್ಲ.

ನಡುವೆ ಒಂದು ಮೋಸದ ಘಟ್ಟವಿದೆ. ನಾಲ್ಕು ಐದನೇ ತಿಂಗಳಲ್ಲಿ ಎಲ್ಲ ಬಸುರಿಯರ ಬಿ.ಪಿ.ಯೂ ತುಸು ಇಳಿಯುತ್ತದೆ. ಶಿಕ್ಷಕಿಗೆ 118/74 ಬಂದಾಗ ಮನೆಯವರಿಗೆಲ್ಲ ಖುಷಿ, ಗುಳಿಗೆ ಬಿಡೋಣವೇ ಎಂಬ ಮಾತೂ ಬಂತು. ಡಾಕ್ಟರು ನೋಡಿ ಡೋಸು ಕಡಿಮೆ ಮಾಡಬಹುದು, ಅದು ಬೇರೆ. ತಾವಾಗಿಯೇ ಬಿಟ್ಟರೆ ಏಳನೇ ತಿಂಗಳಿಗೆ ಒತ್ತಡ ಮತ್ತೆ ಮೇಲೇರುವಾಗ ತಡೆಯುವುದಕ್ಕೆ ಏನೂ ಇರುವುದಿಲ್ಲ.

ಬಿ.ಪಿ. ನೋಡುವ ಬಗೆಯಲ್ಲೂ ಎಡವಟ್ಟಾಗುತ್ತದೆ. ಮೆಟ್ಟಿಲು ಹತ್ತಿ ಬಂದವಳನ್ನು ಐದು ನಿಮಿಷ ಕೂರಿಸಬೇಕು. ಬೆನ್ನಿಗೆ ಆನಿಕೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ. ತೋಳಿಗೆ ಸುತ್ತುವ ಪಟ್ಟಿ ದಪ್ಪ ತೋಳಿಗೆ ಚಿಕ್ಕದಾದರೆ ಒತ್ತಡ ಹೆಚ್ಚು ತೋರಿಸುತ್ತದೆ. ಎಡಮಗ್ಗುಲಾಗಿ ಮಲಗಿಸಿ ಮೇಲಿನ ತೋಳಿನಲ್ಲಿ ನೋಡಿದರೆ ಕಡಿಮೆ ತೋರಿಸುತ್ತದೆ; ಹೆಚ್ಚು ಬಂದದ್ದನ್ನು ‘ಸರಿಮಾಡಲು’ ಹೀಗೆ ಮಲಗಿಸಿ ನೋಡುವವರೂ ಉಂಟು. ತಾಯಿ ಕಾರ್ಡಿನಲ್ಲಿ ಪ್ರತಿ ತಿಂಗಳೂ 120/80 ಎಂದೇ ಬರೆದಿದ್ದರೆ ನನಗಂತೂ ಅನುಮಾನ ಬರುತ್ತದೆ. ಮನುಷ್ಯರ ಒತ್ತಡ ಅಷ್ಟು ಶಿಸ್ತಿನದ್ದಲ್ಲ. 140/90 ಅಥವಾ ಹೆಚ್ಚು ಬಂದರೆ ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಬೇಕು. 160/110 ಬಂದರೆ ಅಷ್ಟು ಕಾಯುವಂತಿಲ್ಲ. ಹದಿನೈದು ನಿಮಿಷಕ್ಕೆ ಇನ್ನೊಮ್ಮೆ ನೋಡಿ ಕೂಡಲೇ ಔಷಧ ಕೊಡಬೇಕು, ಏಕೆಂದರೆ ಆ ಮಟ್ಟದಲ್ಲಿ ಮೆದುಳಿನೊಳಗೆ ರಕ್ತಸ್ರಾವವಾಗುವ ಭಯವಿದೆ.

ಸೀಮಂತ ಮುಗಿಸಿ ಶಿಕ್ಷಕಿ ತವರಿಗೆ ಹೋದದ್ದು 33ನೇ ವಾರದಲ್ಲಿ. ನಮ್ಮ ಈ ಸಂಪ್ರದಾಯ ಮುದ್ದಾದದ್ದೇ, ಆದರೆ ಪ್ರಿ-ಎಕ್ಲಾಂಪ್ಸಿಯಾ ತಲೆಯೆತ್ತುವ ಹೊತ್ತಿಗೇ ಸರಿಯಾಗಿ ಆಸ್ಪತ್ರೆ ಬದಲಾಗುತ್ತದೆ, ಡಾಕ್ಟರು ಬದಲಾಗುತ್ತಾರೆ, ಹಳೆಯ ಫೈಲು ಗಂಡನ ಮನೆಯಲ್ಲಿ ಉಳಿಯುತ್ತದೆ. ತವರಿನ ಡಾಕ್ಟರಿಗೆ ಅವಳ ಮೊದಲಿನ ಬಿ.ಪಿ. ಎಷ್ಟಿತ್ತು, ಕ್ರಿಯಾಟಿನಿನ್ ಎಷ್ಟಿತ್ತು ಗೊತ್ತಿರುವುದಿಲ್ಲ. ಸೀರೆ ಬಳೆಗಳ ಜೊತೆ ತಾಯಿ ಕಾರ್ಡು, ರಕ್ತ ಪರೀಕ್ಷೆಯ ಚೀಟಿ, ಸ್ಕ್ಯಾನಿಂಗ್ ವರದಿ, ಖಾಲಿಯಾದ ಗುಳಿಗೆಯ ಸ್ಟ್ರಿಪ್ಪು, ಇವೂ ಹೋಗಬೇಕು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರು ಗರ್ಭಿಣಿಯರನ್ನು ಉಚಿತವಾಗಿ ನೋಡುವ ಏರ್ಪಾಡು 2016ರಿಂದ ಇದೆ. ತವರಿಗೆ ಬಂದವಳು ಅಲ್ಲಿನ ಆಶಾ ಕಾರ್ಯಕರ್ತೆಗೆ ಹೆಸರು ಕೊಟ್ಟರೆ ಆ ಕೊಂಡಿ ತಪ್ಪುವುದಿಲ್ಲ.

35ನೇ ವಾರದ ಒಂದು ಸಂಜೆ ಅವಳಿಗೆ ಎದೆಯ ಕೆಳಗೆ, ಬಲಪಕ್ಕೆಯ ಹತ್ತಿರ ನೋವು ಶುರುವಾಯಿತು. ಎರಡು ಸಲ ವಾಂತಿ. ‘ಗ್ಯಾಸ್ ಆಗಿರಬೇಕವ್ವಾ, ಮಧ್ಯಾಹ್ನ ಬದನಿಕಾಯಿ ಪಲ್ಯ ತಿಂದಿಯಲ್ಲ’ ಎಂದರು ತಾಯಿ. ಜೀರಿಗೆ ನೀರು ಕುಡಿಸಿದರು, ಮೆಡಿಕಲ್ ಶಾಪಿನಿಂದ ಆ್ಯಸಿಡಿಟಿಯ ಗುಳಿಗೆ ತರಿಸಿದರು. ಯಾವ ಮನೆಯಲ್ಲಾದರೂ ಹೀಗೇ ಮಾಡುತ್ತಾರೆ, ತಪ್ಪು ಹುಡುಕುವಂಥದ್ದೇನಿಲ್ಲ. ಬಸುರಿಯರಲ್ಲಿ ಎದೆಯುರಿ ಇಲ್ಲದವರೇ ಕಡಿಮೆ. ಆದರೆ ಎದೆಯುರಿ ಗಂಟಲಿನತ್ತ ಏರುತ್ತದೆ, ಹುಳಿತೇಗು ತರುತ್ತದೆ, ಎದ್ದು ಕುಳಿತರೆ ತಗ್ಗುತ್ತದೆ. ಇವಳ ನೋವು ಒಂದೇ ಕಡೆ ಹಿಡಿದು ಕೂತಿತ್ತು, ಬೆನ್ನಿನತ್ತ ಸರಿಯುತ್ತಿತ್ತು, ಗುಳಿಗೆಗೆ ಜಗ್ಗಲಿಲ್ಲ. ಯಕೃತ್ತು ಊದಿ ಅದರ ಹೊದಿಕೆ ಬಿಗಿದಾಗ ಬರುವ ನೋವು ಇದು. ರಾತ್ರಿಗೆ ತಲೆನೋವೂ ಸೇರಿತು. ಪ್ಯಾರಾಸಿಟಮಾಲ್ ನುಂಗಿದರೂ ಹೋಗಲಿಲ್ಲ. ಬೆಳಿಗ್ಗೆ ಮುಖ ತೊಳೆಯುವಾಗ ಕಣ್ಣಮುಂದೆ ಮಿಣುಕು ಕಿಡಿಗಳು ಹಾರಿದಂತಾಯಿತು, ಉಂಗುರ ಬೆರಳಿನಿಂದ ಕಳಚಲಿಲ್ಲ.

ಊತದ ಬಗ್ಗೆ ಒಂದು ಮಾತು. ಸಂಜೆಯಾದರೆ ಪಾದ ಊದುವುದು ಬಸುರಿಯರಲ್ಲಿ ಸಾಮಾನ್ಯ, ಅದೊಂದನ್ನೇ ಹಿಡಿದು ಹೆದರಬೇಕಿಲ್ಲ. ಊತವಿಲ್ಲದೆಯೂ ಪ್ರಿ-ಎಕ್ಲಾಂಪ್ಸಿಯಾ ಬರುವುದರಿಂದ ರೋಗ ಗುರುತಿಸುವ ಲಕ್ಷಣಗಳ ಪಟ್ಟಿಯಿಂದ ಡಾಕ್ಟರುಗಳು ಅದನ್ನು ಕೈಬಿಟ್ಟಿದ್ದಾರೆ. ಆದರೆ ಒಂದೆರಡು ದಿನದಲ್ಲಿ ಮುಖ, ಕೈ ದಪ್ಪಗಾಗಿ ತೂಕ ಸರ್ರನೆ ಏರಿದರೆ ಅದು ಬಿ.ಪಿ. ನೋಡಿಸಲು ಸಾಕಷ್ಟು ಕಾರಣ. ಹಾಗೆಯೇ ಉಸಿರು ಸಿಗದಂತಾಗುವುದು, ಮೂತ್ರ ಕಡಿಮೆಯಾಗುವುದು, ಮಗುವಿನ ಒದೆತ ತಗ್ಗುವುದು. ಇವು ಯಾವುವಾದರೂ ಕಂಡರೆ ನಾಳೆ ನೋಡೋಣ ಎನ್ನುವಂತಿಲ್ಲ.

ಆಶಾ ಕಾರ್ಯಕರ್ತೆ ಬಂದು ಮುಖ ನೋಡಿದವಳೇ, ‘ಅಕ್ಕಾರ, ಕಾರ್ಡ್ ತಗೋರಿ, ಈಗ ದವಾಖಾನಿಗೆ ಹೋಗೂಣು’ ಎಂದಳು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. 168/112. ಹದಿನೈದು ನಿಮಿಷದ ಮೇಲೆ 164/110. ಮೂತ್ರದಲ್ಲಿ ಅದ್ದಿದ ಪಟ್ಟಿ ಮೂರು ಪ್ಲಸ್ ತೋರಿಸಿತು. ಅಲ್ಲಿ ಎರಡು ಕೆಲಸ ನಡೆದವು.

ಮೊದಲನೆಯದು ಬಾಯಿಯಿಂದ ನುಂಗಲು 10 ಮಿಲಿಗ್ರಾಂ ನಿಫೆಡಿಪಿನ್. ಇಂಥ ತುರ್ತಿಗೆ ಸಲೈನಿನ ನಳಿಕೆಯಲ್ಲಿ ಕೊಡುವ ಔಷಧವೇ ಬೇಕೆಂಬ ಭಾವನೆ ಇತ್ತು. ಅದಕ್ಕೆ ಮಾನಿಟರು, ನುರಿತ ಸಿಬ್ಬಂದಿ ಬೇಕು; ಹಳ್ಳಿಯಲ್ಲಿ ಎಲ್ಲಿಂದ ತರುವುದು? ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 900 ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಪರೀಕ್ಷಿಸಿತು. ತೀವ್ರ ಬಿ.ಪಿ. ಇದ್ದವರಿಗೆ ಮೂರು ಗುಳಿಗೆಗಳಲ್ಲಿ ಒಂದೊಂದನ್ನು ಕೊಟ್ಟು ಆರು ಗಂಟೆಯೊಳಗೆ ಒತ್ತಡ ಹದಕ್ಕೆ ಬಂತೇ ಎಂದು ನೋಡಿದರು. ನಿಫೆಡಿಪಿನ್‌ನಿಂದ ನೂರಕ್ಕೆ 84 ಮಂದಿಗೆ, ಲ್ಯಾಬೆಟಲಾಲ್‌ನಿಂದ 77, ಮೀಥೈಲ್‌ಡೋಪಾದಿಂದ 76 ಮಂದಿಗೆ ಬಂತು. ಅಂದರೆ ಯಾವುದು ಕೈಗೆ ಸಿಕ್ಕರೂ ಕೊಡಬಹುದು. ಒತ್ತಡವನ್ನು 120ಕ್ಕೆ ಇಳಿಸುವ ಹಟ ಮಾತ್ರ ಬೇಡ, ಅಷ್ಟು ಬೇಗ ಇಳಿಸಿದರೆ ಮಗುವಿಗೆ ರಕ್ತ ಸಾಲದು. 140-150ರ ಆಸುಪಾಸು ಸಾಕು.

ಎರಡನೆಯದು ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು. ಇದು ಬಿ.ಪಿ. ಔಷಧವಲ್ಲ, ಫಿಟ್ಸ್ ತಡೆಯುವುದು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದು 2002ರಲ್ಲಿ ಹೊರಬಂದ ಅಧ್ಯಯನದಲ್ಲಿ ಇದು ಫಿಟ್ಸ್ ಬರುವ ಸಂಭವವನ್ನು ಅರ್ಧಕ್ಕಿಂತ ಕೆಳಗಿಳಿಸಿತು. ದೊಡ್ಡ ಆಸ್ಪತ್ರೆಗೆ ಸಾಗಿಸುವ ಮುನ್ನ ಎರಡೂ ಪೃಷ್ಠಕ್ಕೆ ತಲಾ 5 ಗ್ರಾಂ, ಒಟ್ಟು 10 ಗ್ರಾಂ ಕೊಡುವ ಅನುಮತಿ ನಮ್ಮಲ್ಲಿ ನರ್ಸುಗಳಿಗೂ ಇದೆ. ಆಳವಾದ, ನೋಯುವ ಚುಚ್ಚುಮದ್ದು, ಮೈಯೆಲ್ಲ ಬಿಸಿಯಾಗುತ್ತದೆ. ಮುಂದಿನ ಡೋಸು ಕೊಡುವ ಮುಂಚೆ ಮೂರು ವಿಷಯ ನೋಡುತ್ತಾರೆ: ಮೊಣಕಾಲಿಗೆ ತಟ್ಟಿದರೆ ಕಾಲು ಜಿಗಿಯುತ್ತದೆಯೇ, ಉಸಿರು ಸರಿಯಿದೆಯೇ, ಮೂತ್ರ ಬರುತ್ತಿದೆಯೇ. ಮೊಣಕಾಲಿನ ಜಿಗಿತ ನಿಂತರೆ ಔಷಧ ಮೈಯಲ್ಲಿ ಹೆಚ್ಚಾಯಿತೆಂದು ಅರ್ಥ. ಅದಕ್ಕೆ ಪ್ರತ್ಯೌಷಧವಾಗಿ ಕ್ಯಾಲ್ಸಿಯಂ ಗ್ಲುಕೊನೇಟನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ.

108 ಬಂದು ಜಿಲ್ಲಾ ಆಸ್ಪತ್ರೆ ಮುಟ್ಟಿಸಿತು. ಪ್ಲೇಟ್‌ಲೆಟ್ 88,000 ಇತ್ತು; ಒಂದು ಲಕ್ಷಕ್ಕಿಂತ ಕೆಳಗೆ ಇಳಿದರೆ ರೋಗ ತೀವ್ರ ಎಂದು ಲೆಕ್ಕ. ಯಕೃತ್ತಿನ ಕಿಣ್ವಗಳು ದುಪ್ಪಟ್ಟು ಮೀರಿದ್ದವು. ಇಲ್ಲಿ ಮನೆಯವರು ಕೇಳಿದ ಪ್ರಶ್ನೆ ಸಹಜವೇ: ‘ಬಿ.ಪಿ. ಈಗ 148ಕ್ಕೆ ಬಂತಲ್ಲ ಡಾಕ್ಟ್ರೇ, ಇನ್ನೂ ಒಂದು ತಿಂಗಳು ಗುಳಿಗೆಯ ಮೇಲೆ ತಳ್ಳಬಹುದಲ್ಲ?’ ಆಗದು. ಗುಳಿಗೆ ತಾಯಿಯ ಮೆದುಳನ್ನು ಕಾಯುತ್ತದೆ, ಮಾಸನ್ನು ಸರಿಪಡಿಸುವುದಿಲ್ಲ. ಕೆಟ್ಟ ಮಾಸು ಒಳಗಿರುವಷ್ಟು ಹೊತ್ತೂ ರೋಗ ಬೆಳೆಯುತ್ತಲೇ ಇರುತ್ತದೆ, ಬಿ.ಪಿ. ಅಂಕಿ ಎಷ್ಟೇ ಚೆನ್ನಾಗಿ ಕಾಣಲಿ. 34 ವಾರ ದಾಟಿ ಇಷ್ಟು ತೀವ್ರವಾದಾಗ ಹೆರಿಗೆಯೇ ಚಿಕಿತ್ಸೆ. ತೀವ್ರ ಲಕ್ಷಣಗಳಿಲ್ಲದಿದ್ದರೆ 37ನೇ ವಾರದವರೆಗೆ ಕಣ್ಣಿಟ್ಟು ಕಾಯುತ್ತಾರೆ. ಸಿಸೇರಿಯನ್ನೇ ಆಗಬೇಕೆಂದೇನೂ ಇಲ್ಲ. ಶಿಕ್ಷಕಿಗೆ ನೋವು ಬರಿಸಿ ಸಹಜ ಹೆರಿಗೆ ಮಾಡಿಸಿದರು. ಮಗು 2 ಕಿಲೋ 100 ಗ್ರಾಂ. ಹೆರಿಗೆಯಾದೊಡನೆ ರಕ್ತಸ್ರಾವ ತಡೆಯಲು ಕೊಡುವ ಮೀಥೈಲ್ ಎರ್ಗೊಮೆಟ್ರಿನ್ ಚುಚ್ಚುಮದ್ದನ್ನು ಮಾತ್ರ ಬಿಟ್ಟು ಆಕ್ಸಿಟೋಸಿನ್ ಕೊಟ್ಟರು, ಮೊದಲನೆಯದು ಬಿ.ಪಿ.ಯನ್ನು ಗಕ್ಕನೆ ಏರಿಸುತ್ತದೆ.

ಇಷ್ಟು ಗಂಭೀರವಾದದ್ದನ್ನು ಮೊದಲೇ ಹಿಡಿಯುವ ಪ್ರಯತ್ನಗಳು ಕರ್ನಾಟಕದಲ್ಲೇ ನಡೆದಿವೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ನರ್ಸುಗಳ ಕೈಗೆ ಬಿ.ಪಿ. ಯಂತ್ರ, ಮೊಬೈಲ್ ಆ್ಯಪ್ ಕೊಟ್ಟು, ಮನೆಬಾಗಿಲಲ್ಲೇ ಅಪಾಯ ಗುರುತಿಸಿ ಮೀಥೈಲ್‌ಡೋಪಾ ಮತ್ತು ಮೆಗ್ನೀಸಿಯಂ ಕೊಟ್ಟು ಕಳಿಸುವ ದೊಡ್ಡ ಪ್ರಯೋಗವೊಂದು ಆಯಿತು. ಬರೀ ಮನೆಬಾಗಿಲ ಭೇಟಿಯಿಂದ ಒಟ್ಟಾರೆ ಸಾವುನೋವಿನ ಲೆಕ್ಕ ಇಳಿಯಲಿಲ್ಲ. ಇದು ನಿರಾಶೆಯ ಸುದ್ದಿ ಎನಿಸಬಹುದು, ನನಗೆ ಹಾಗನಿಸುವುದಿಲ್ಲ: ಗುರುತಿಸಿ ಕಳಿಸಿದವಳಿಗೆ ತಲುಪಿದ ಆಸ್ಪತ್ರೆಯಲ್ಲಿ ಡಾಕ್ಟರು, ರಕ್ತ, ಔಷಧ ಇಲ್ಲದಿದ್ದರೆ ಮನೆಬಾಗಿಲ ಯಂತ್ರ ಏನು ಮಾಡೀತು? ಬೆಂಗಳೂರಿನಲ್ಲಿ 11,000 ಚೊಚ್ಚಲು ಗರ್ಭಿಣಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕ್ಯಾಲ್ಸಿಯಂ ಕುರಿತದ್ದು. ದಿನಕ್ಕೆ 1,500 ಮಿಲಿಗ್ರಾಂ ಕೊಟ್ಟವರಲ್ಲೂ ಬರೀ 500 ಕೊಟ್ಟವರಲ್ಲೂ ಪ್ರಿ-ಎಕ್ಲಾಂಪ್ಸಿಯಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು, ನೂರಕ್ಕೆ ಸುಮಾರು ಮೂರು. ಮೂರು ಗುಳಿಗೆ ನುಂಗಲಾರದೆ ಪೂರ್ತಿ ಬಿಟ್ಟುಬಿಡುವವರಿಗೆ ಇದು ನೆಮ್ಮದಿಯ ಮಾತು. ಬಸುರಿ ಎರಡು ಹೊತ್ತೂ ರಾಗಿ ಮುದ್ದೆ ಉಣ್ಣುತ್ತಾಳೆಂದು ಆ ಒಂದು ಗುಳಿಗೆಯನ್ನೂ ಬಿಡುವುದು ಮಾತ್ರ ಸಲ್ಲ.

ಮಗು ಹುಟ್ಟಿತು, ಮಾಸು ಬಿತ್ತು, ಇನ್ನು ಮುಗಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಡುವ ಹೊತ್ತಿಗೇ ಎರಡನೇ ಅಪಾಯ ಕಾದಿರುತ್ತದೆ. ಹೆರಿಗೆಯಾದ ಮೊದಲ ಒಂದೆರಡು ದಿನ ಇಳಿದ ಬಿ.ಪಿ. ಮೂರರಿಂದ ಆರನೇ ದಿನದ ನಡುವೆ ಮತ್ತೆ ಮೇಲೇರುತ್ತದೆ, ಬಸಿರಿನಲ್ಲಿ ಮೈಗೆ ಸೇರಿದ್ದ ನೀರೆಲ್ಲ ಆಗ ರಕ್ತಕ್ಕೆ ಮರಳುವುದರಿಂದ. ಅಷ್ಟರಲ್ಲಿ ಅವಳು ಮನೆಗೆ ಬಂದಿರುತ್ತಾಳೆ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್. ಐದನೇ ದಿನ ‘ತಲೆ ಸಿಡಿತಿದೆ’ ಎಂದರೆ ಮನೆಯ ಹಿರಿಯರ ಉತ್ತರ ಸಿದ್ಧವಿರುತ್ತದೆ: ಗಾಳಿ ಸೋಕಿದೆ, ಶೀತವಾಗಿದೆ, ಬೆಚ್ಚಗೆ ಮಲಗು. ಬಾಗಿಲು ಮುಚ್ಚಿದ ಆ ಕತ್ತಲೆ ಕೋಣೆಯಲ್ಲಿ ಫಿಟ್ಸ್ ಬಂದು ಜೀವ ಹೋದ ಬಾಣಂತಿಯರಿದ್ದಾರೆ. ಬಾಣಂತನದ ಕ್ರಮಗಳನ್ನು ಬಿಡಿ ಎಂದು ನಾನು ಹೇಳುವುದಿಲ್ಲ, ಅದರಲ್ಲಿ ಆರೈಕೆಯಿದೆ, ವಿಶ್ರಾಂತಿಯಿದೆ. ಆದರೆ ಹತ್ತಿ ತುರುಕುವ ಮುನ್ನ ತೋಳಿಗೆ ಬಿ.ಪಿ. ಪಟ್ಟಿ ಸುತ್ತಬೇಕು. ಬಸಿರಿನಲ್ಲಿ ಒಮ್ಮೆಯೂ ಬಿ.ಪಿ. ಇರದಿದ್ದವರಿಗೂ ಹೆರಿಗೆಯ ನಂತರ ಆರು ವಾರದೊಳಗೆ ಇದು ಹೊಸದಾಗಿ ಬರಬಹುದು.

ಫಿಟ್ಸ್ ಬಂದೇಬಿಟ್ಟರೆ ಎಡಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬಾರದು, ಕಬ್ಬಿಣ ಹಿಡಿಸುತ್ತ ಹೊತ್ತು ಕಳೆಯಬಾರದು, 108ಕ್ಕೆ ಕರೆ ಮಾಡಬೇಕು.

ಬಾಣಂತಿಗೆ ಕೊಡುವ ಗುಳಿಗೆಗಳ ಲೆಕ್ಕ ಬಸುರಿಯದಕ್ಕಿಂತ ಬೇರೆ, ಇದು ಅನೇಕರನ್ನು ಗಲಿಬಿಲಿಗೊಳಿಸುತ್ತದೆ. ಬಸಿರಿನಲ್ಲಿ ನಿಷಿದ್ಧವಾಗಿದ್ದ ಎನಾಲಾಪ್ರಿಲ್ಲನ್ನು ಹಾಲೂಡಿಸುವ ತಾಯಿಗೆ ಧೈರ್ಯವಾಗಿ ಕೊಡುತ್ತಾರೆ, ಎದೆಹಾಲಿಗೆ ಸೇರುವುದು ಅತ್ಯಲ್ಪ. ತೀರ ತಿಂಗಳು ತುಂಬದ ಮಗುವಾದರೆ ಮಕ್ಕಳ ಡಾಕ್ಟರನ್ನು ಕೇಳಿ ಕೊಡುತ್ತಾರೆ. ನಿಫೆಡಿಪಿನ್, ಅಮ್ಲೋಡಿಪಿನ್, ಲ್ಯಾಬೆಟಲಾಲ್ ಕೂಡ ಸರಿಯೇ. ಬಸಿರಿನಲ್ಲಿ ನಂಬಿಕಸ್ಥವಾಗಿದ್ದ ಮೀಥೈಲ್‌ಡೋಪಾವನ್ನು ಈಗ ಒಂದೆರಡು ದಿನದಲ್ಲಿ ನಿಲ್ಲಿಸುತ್ತಾರೆ, ಅದು ಮನಸ್ಸನ್ನು ಕುಗ್ಗಿಸಬಹುದು, ಬಾಣಂತಿಯ ಮನಸ್ಸು ಮೊದಲೇ ಸೂಕ್ಷ್ಮ. ಟೆಲ್ಮಿಸಾರ್ಟನ್ ಬಗ್ಗೆ ಹಾಲೂಡಿಸುವವರಲ್ಲಿ ಮಾಹಿತಿ ಕಡಿಮೆ, ಆದ್ದರಿಂದ ಬೇರೆ ಸಿಗುವಾಗ ಅದರ ಕೈ ಹಿಡಿಯುವುದಿಲ್ಲ.

ನಮ್ಮ ಶಿಕ್ಷಕಿ ಎನಾಲಾಪ್ರಿಲ್ ಮತ್ತು ನಿಫೆಡಿಪಿನ್ ಮೇಲೆ ಆರನೇ ದಿನ ಮನೆಗೆ ಹೋದಳು. ಮೊದಲ ಹತ್ತು ದಿನ ಆಶಾ ಕಾರ್ಯಕರ್ತೆ ಮನೆಗೇ ಬಂದು ಬಿ.ಪಿ. ನೋಡಿದಳು. ಮುಂದಿನ ಬಸಿರಿನ ಯೋಚನೆ ಬರುವವರೆಗೆ ಕಾಪರ್-ಟಿ ಹಾಕಿಸಿಕೊಂಡಳು. ಗರ್ಭನಿರೋಧಕ ಗುಳಿಗೆಗಳಲ್ಲಿ ಈಸ್ಟ್ರೋಜನ್ ಇರುವಂಥವು ಬಿ.ಪಿ. ಏರಿಸುತ್ತವೆ, ಅವಳಿಗೆ ಅವು ಸಲ್ಲವು.

ಡಿಸ್ಚಾರ್ಜ್ ಚೀಟಿಯಲ್ಲಿ ಬರೀ ‘ಬಿ.ಪಿ. ಇತ್ತು, ಸಹಜ ಹೆರಿಗೆ’ ಎಂದಿದ್ದರೆ ಮುಂದಿನ ಡಾಕ್ಟರಿಗೆ ಅದರಿಂದ ಉಪಯೋಗವಿಲ್ಲ. ರೋಗ ಎಷ್ಟನೇ ವಾರಕ್ಕೆ ಬಂತು ಎಂಬುದು ಬೇಕು, ಏಕೆಂದರೆ ಬೇಗ ಬಂದಷ್ಟೂ ಮುಂದಿನ ಬಸಿರಿನಲ್ಲಿ ಮರುಕಳಿಸುವ ಸಂಭವ ಹೆಚ್ಚು. ಅತಿ ಹೆಚ್ಚಿನ ಬಿ.ಪಿ. ಎಷ್ಟಿತ್ತು, ಪ್ಲೇಟ್‌ಲೆಟ್ ಎಷ್ಟಕ್ಕಿಳಿಯಿತು, ಫಿಟ್ಸ್ ಬಂತೋ ಇಲ್ಲವೋ, ಮಗುವಿನ ತೂಕ ಎಷ್ಟು, ಯಾವ ಗುಳಿಗೆ ಒಗ್ಗಿತು, ಮೂರು ತಿಂಗಳಿಗೆ ಮತ್ತೆ ಯಾವ ಪರೀಕ್ಷೆ ಮಾಡಿಸಬೇಕು. ಇಷ್ಟೂ ಆ ಹಾಳೆಯಲ್ಲಿ ಇಲ್ಲದಿದ್ದರೆ ವಾರ್ಡು ಬಿಡುವ ಮುನ್ನವೇ ಕೇಳಿ ಬರೆಸಿಕೊಳ್ಳಬೇಕು.